ಬೇಸಿಕ್ ಎಷ್ಟಿತ್ತು?

ನಮ್ಮ ಕರಾವಳಿಯಲ್ಲಿ 'ಕ್ಯಾನ್ಸಲ್ ಮಾಡಿಸಿಕೊಂಡು ಬಂದರು' ಎಂದರೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ರಜೆಗೆ ಬಂದದ್ದಲ್ಲ, ಇನ್ನು ವಾಪಸು ಹೋಗುವುದಿಲ್ಲ ಎಂದು ಎಲ್ಲರಿಗೂ ತಿಳಿಯುತ್ತದೆ. ಬಂದ ವಾರದೊಳಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: 'ಸೆಟ್ಲ್‌ಮೆಂಟ್ ಎಷ್ಟು ಬಂತು?'

ಕಳೆದ ವರ್ಷ ಶಾರ್ಜಾದಿಂದ ಹಾಗೆ ಬಂದ ನಮ್ಮ ಭಾವನಿಗೂ ಈ ಪ್ರಶ್ನೆ ಎದುರಾಯಿತು. ಒಂಬತ್ತೂವರೆ ವರ್ಷ ಅವರು ಒಂದು ಕಂಪನಿಯ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ತಿಂಗಳಿಗೆ ಕೈಗೆ ಬರುತ್ತಿದ್ದದ್ದು 3,000 ದಿರ್ಹಂ. ಗ್ರಾಚ್ಯುಟಿಯೇ ಸುಮಾರು 24,000 ದಿರ್ಹಂ ಬರುತ್ತದೆಂದು ರೂಮಿನವರೆಲ್ಲ ಸೇರಿ ಲೆಕ್ಕ ಹಾಕಿದ್ದರು. ಆ ಹಣದ ಮೇಲೆ ಮನೆಯ ಮಾಡಿನ ದುರಸ್ತಿಯೂ ನಿಶ್ಚಯವಾಗಿತ್ತು. ಬಂದದ್ದು ಅದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಕಂಪನಿ ಮೋಸ ಮಾಡಿತು ಎಂದೇ ನಾವು ನಂಬಿದ್ದೆವು. ಒಂದು ಭಾನುವಾರ ಭಾವನ ಕಾಗದಪತ್ರಗಳನ್ನೆಲ್ಲ ಚಾಪೆಯ ಮೇಲೆ ಹರಡಿಕೊಂಡು ಕೂತೆವು. ನೋಡುತ್ತಾ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು. ಗ್ರಾಚ್ಯುಟಿ ಕಡಿಮೆಯಾದದ್ದು ಕೊನೆಯ ತಿಂಗಳಲ್ಲಿ ಅಲ್ಲ, ಕೆಲಸಕ್ಕೆ ಸೇರಿದ ದಿನವೇ. ಕೊನೆಯ ತಿಂಗಳಲ್ಲಿ ಬೇರೆ ಒಂದು ತಪ್ಪು ನಡೆದಿತ್ತು. ಅದನ್ನು ತಡೆಯುವ ಅವಕಾಶವೂ ಇತ್ತು. ಆ ಎರಡನ್ನೂ ಇಲ್ಲಿ ಹೇಳುತ್ತೇನೆ, ಏಕೆಂದರೆ ಇದೇ ಕಾಗದಗಳು ಈಗ ಎಷ್ಟೋ ಮನೆಗಳ ಮಕ್ಕಳ ಕೈಯಲ್ಲಿವೆ.

ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ, ಅಂದರೆ ದುಬೈ, ಅಬುಧಾಬಿ, ಶಾರ್ಜಾ ಮುಂತಾದ ಏಳು ಎಮಿರೇಟುಗಳಲ್ಲಿ, ಖಾಸಗಿ ಕೆಲಸಗಾರರಿಗೆ ಈಗ ಅನ್ವಯಿಸುವುದು 2021ರ 33ನೇ ಸಂಖ್ಯೆಯ ಕಾರ್ಮಿಕ ಕಾನೂನು. ಅದು 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಒಂದು ವರ್ಷದ ಸೇವೆ ಪೂರ್ಣಗೊಳಿಸಿದ ವಿದೇಶೀ ಕೆಲಸಗಾರನಿಗೆ ಕೆಲಸ ಬಿಡುವಾಗ ಗ್ರಾಚ್ಯುಟಿ ಸಿಗಬೇಕು. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ವೇತನ, ಆರನೇ ವರ್ಷದಿಂದ ವರ್ಷಕ್ಕೆ 30 ದಿನಗಳ ವೇತನ. ಒಂದು ವರ್ಷ ದಾಟಿದ ಮೇಲೆ ಉಳಿದ ತಿಂಗಳು, ದಿನಗಳಿಗೂ ಅದೇ ಪ್ರಮಾಣದಲ್ಲಿ ಸಿಗುತ್ತದೆ. ಒಟ್ಟು ಮೊತ್ತ ಮಾತ್ರ ಎರಡು ವರ್ಷಗಳ ವೇತನವನ್ನು ಮೀರುವಂತಿಲ್ಲ. ನಮ್ಮಲ್ಲಿ 1972ರ ಗ್ರಾಚ್ಯುಟಿ ಕಾಯ್ದೆಯ ಐದು ವರ್ಷದ ಷರತ್ತು ಜನರ ತಲೆಯಲ್ಲಿ ಕೂತುಬಿಟ್ಟಿದೆ. ಹಾಗಾಗಿ ಮೂರು ವರ್ಷ ದುಡಿದು ಬಂದವರು ತಮಗೇನೂ ಇಲ್ಲ ಎಂದುಕೊಂಡು ಕೇಳದೇ ಬಂದದ್ದನ್ನೂ ನಾನು ಕಂಡಿದ್ದೇನೆ. ಅಲ್ಲಿ ಒಂದು ವರ್ಷ ಸಾಕು.

ಇಲ್ಲಿ 'ವೇತನ' ಎಂದರೆ ಯಾವುದು? ಎಲ್ಲರೂ ಎಡವುವುದು ಇಲ್ಲೇ. ಬ್ಯಾಂಕ್ ಖಾತೆಗೆ ಬೀಳುವ ಪೂರ್ತಿ ಸಂಬಳವಲ್ಲ, ಅದರೊಳಗಿನ ಮೂಲ ವೇತನ ಮಾತ್ರ. ಅಲ್ಲಿನ ಮಾತಿನಲ್ಲಿ 'ಬೇಸಿಕ್'. ಮನೆ ಬಾಡಿಗೆ, ಓಡಾಟ, ಊಟ ಇತ್ಯಾದಿಗಳಿಗೆ ಕೊಡುವ ಅಲೊವೆನ್ಸ್ ಯಾವುದೂ ಗ್ರಾಚ್ಯುಟಿಯ ಲೆಕ್ಕಕ್ಕೆ ಬರುವುದಿಲ್ಲ. ಭಾವನ ಕರಾರು ತೆಗೆದು ನೋಡಿದಾಗ 3,000 ದಿರ್ಹಂ ಹೀಗೆ ಹಂಚಿಹೋಗಿತ್ತು: ಬೇಸಿಕ್ 1,800, ಮನೆಗೆ 700, ಓಡಾಟಕ್ಕೆ 300, ಊಟಕ್ಕೆ 200. ರೂಮಿನವರು 3,000ವನ್ನು ಹಿಡಿದು ಲೆಕ್ಕ ಹಾಕಿದ್ದರು. ಕಾನೂನು 1,800ನ್ನು ಹಿಡಿಯುತ್ತದೆ.

ಲೆಕ್ಕ ಕಷ್ಟದ್ದೇನಲ್ಲ. 1,800ನ್ನು 30ರಿಂದ ಭಾಗಿಸಿದರೆ ದಿನಕ್ಕೆ 60 ದಿರ್ಹಂ. 21 ದಿನಕ್ಕೆ 1,260. ಮೊದಲ ಐದು ವರ್ಷಕ್ಕೆ 6,300. ನಂತರದ ಪ್ರತಿ ವರ್ಷಕ್ಕೆ 30 ದಿನದ 1,800ರಂತೆ ನಾಲ್ಕೂವರೆ ವರ್ಷಕ್ಕೆ 8,100. ಎರಡೂ ಕೂಡಿ 14,400. ಪೂರ್ತಿ ಸಂಬಳದ ಮೇಲೆ ರೂಮಿನವರು ಹಾಕಿದ ಲೆಕ್ಕ 24,000. ನಡುವಿನ 9,600 ದಿರ್ಹಂ ಯಾರೂ ಕದ್ದದ್ದಲ್ಲ. 2016ರಲ್ಲಿ ಮಂಗಳೂರಿನ ಏಜೆಂಟರ ಕಚೇರಿಯಲ್ಲಿ ಕೂತು 'ಸಂಬಳ ಎಷ್ಟು' ಎಂದು ಮಾತ್ರ ಕೇಳಿ, 'ಅದರಲ್ಲಿ ಬೇಸಿಕ್ ಎಷ್ಟು' ಎಂದು ಕೇಳದೆ ಸಹಿ ಹಾಕಿದಾಗಲೇ ಅದು ಹೋಗಿತ್ತು.

ಇನ್ನೂ ಒಂದು ವಿಷಯವಿದೆ. ಲೆಕ್ಕ ಹಿಡಿಯುವುದು ಕೊನೆಯದಾಗಿ ಪಡೆಯುತ್ತಿದ್ದ ಬೇಸಿಕ್ ಮೇಲೆ. ಅಂದರೆ ಎಂಟನೇ ವರ್ಷ ಬೇಸಿಕ್ ಏರಿದರೆ ಹಿಂದಿನ ಏಳು ವರ್ಷಗಳ ಗ್ರಾಚ್ಯುಟಿಯೂ ಏರುತ್ತದೆ. ಇದು ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಸಂಬಳ ಹೆಚ್ಚಿಸುವಾಗ ಎಷ್ಟೋ ಕಡೆ ಹೆಚ್ಚಳವನ್ನು ಅಲೊವೆನ್ಸ್‌ಗೆ ಸೇರಿಸುತ್ತಾರೆ, ಬೇಸಿಕ್ ಇದ್ದಲ್ಲೇ ಇರುತ್ತದೆ. ಭಾವ ಸೇರಿದಾಗ ಒಟ್ಟು ಸಂಬಳ 2,400 ಇತ್ತು. ಒಂಬತ್ತು ವರ್ಷಗಳಲ್ಲಿ 600 ಏರಿತು. ಬೇಸಿಕ್‌ಗೆ ಒಂದು ದಿರ್ಹಂ ಕೂಡ ಸೇರಲಿಲ್ಲ. ಕರಾರು ನವೀಕರಣವಾಗುವಾಗ ಪ್ರತಿ ಸಲವೂ ಹೊಸ ಕಾಗದಕ್ಕೆ ಸಹಿ ಬೀಳುತ್ತದೆ. ಆಗ ಬೇಸಿಕ್ ಇಳಿಸಿ ಅಲೊವೆನ್ಸ್ ಏರಿಸಿದರೂ ಒಟ್ಟು ಮೊತ್ತ ಅಷ್ಟೇ ಇರುವುದರಿಂದ ಕೆಲಸಗಾರನ ಗಮನಕ್ಕೆ ಬಾರದೆ ಹೋಗಬಹುದು. ಈಗ ಅಲ್ಲಿರುವವರು ಊರಿಗೆ ಮರಳುವ ಯೋಚನೆ ಇಲ್ಲದಿದ್ದರೂ ಮುಂದಿನ ನವೀಕರಣದ ದಿನ ಆ ಒಂದು ಸಾಲನ್ನು ಓದಿಯೇ ಸಹಿ ಹಾಕಬೇಕು.

ಓದುವುದು ಹೇಗೆ ಎಂಬುದೂ ನಮ್ಮವರಿಗೆ ಒಂದು ತೊಡಕು. ಅಲ್ಲಿನ ಕಾರ್ಮಿಕ ಸಚಿವಾಲಯವನ್ನು ಎಲ್ಲರೂ ಮೊಹ್ರೆ ಎನ್ನುತ್ತಾರೆ. ಕರಾರನ್ನು ಅರಬ್ಬಿ ಮತ್ತು ಇಂಗ್ಲಿಷ್ ಜೊತೆಗೆ ಕೆಲಸಗಾರನಿಗೆ ತಿಳಿಯುವ ಇನ್ನೊಂದು ಭಾಷೆಯಲ್ಲಿ ಕೊಡುವ ವ್ಯವಸ್ಥೆ ಅದರಲ್ಲಿದೆ. ಹಿಂದಿ, ಮಲಯಾಳಂ, ತಮಿಳು, ಉರ್ದು, ಬಂಗಾಳಿಗಳು ಆ ಪಟ್ಟಿಯಲ್ಲಿವೆ. ಕನ್ನಡ ಇಲ್ಲ. ಇದು ನನಗೆ ಬೇಸರದ ಸಂಗತಿ. ಬ್ಯಾರಿ, ತುಳು, ಕೊಂಕಣಿ, ನವಾಯಿತಿ ಮನೆಮಾತಿನವರೂ ಕಾಗದ ಓದಲು ಕನ್ನಡವನ್ನೇ ಕಲಿತಿರುತ್ತಾರೆ. ಅಲ್ಲಿ ಅವರು ಅರ್ಧಂಬರ್ಧ ಹಿಂದಿಯಲ್ಲಿ ಓದಿ ಸಹಿ ಹಾಕುತ್ತಾರೆ. ಸಚಿವಾಲಯದ MOHRE ಆ್ಯಪ್‌ನಲ್ಲಿ ತಮ್ಮ ನೋಂದಾಯಿತ ಕರಾರನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಕಂಪನಿ ಕೈಗೆ ಕೊಟ್ಟ ಆಫರ್ ಲೆಟರ್‌ನಲ್ಲಿ ಒಂದು ಬೇಸಿಕ್, ನೋಂದಾಯಿತ ಕರಾರಿನಲ್ಲಿ ಇನ್ನೊಂದು ಬೇಸಿಕ್ ಇದ್ದರೆ, ವಿಚಾರಣೆಗೆ ನಿಂತಾಗ ಅಧಿಕಾರಿ ಮೊದಲು ತೆರೆಯುವುದು ನೋಂದಾಯಿತ ಕರಾರನ್ನೇ.

ಭಾವನ ಲೆಕ್ಕ 14,400ಕ್ಕೂ ನಿಲ್ಲಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಕಂಪನಿ ಅವರನ್ನು ಸಂಬಳವಿಲ್ಲದ ರಜೆಯಲ್ಲಿ ಊರಿಗೆ ಕಳಿಸಿತ್ತು. ಸಂಬಳವಿಲ್ಲದೆ ಗೈರಾದ ದಿನಗಳನ್ನು ಸೇವಾವಧಿಯಿಂದ ಕಳೆಯಬಹುದು ಎಂದು ಕಾನೂನೇ ಹೇಳುತ್ತದೆ. ಆದರೆ ಎಷ್ಟು ದಿನ ಎಂಬುದನ್ನು ಕಂಪನಿಯ ಮಾತಿನ ಮೇಲೆ ಬಿಡಬಾರದು. ಮೊದಲ ಸೆಟ್ಲ್‌ಮೆಂಟ್ ಚೀಟಿಯಲ್ಲಿ ಒಂಬತ್ತು ತಿಂಗಳು ಎಂದು ಬರೆದಿದ್ದರು. ಭಾವ ಪಾಸ್‌ಪೋರ್ಟ್ ತೆಗೆದು ಮಂಗಳೂರು ವಿಮಾನ ನಿಲ್ದಾಣದ ಮುದ್ರೆಗಳನ್ನು ತೋರಿಸಿದರು. ಬಂದದ್ದು ಮಾರ್ಚ್‌ನಲ್ಲಿ, ಹೊರಟದ್ದು ಸೆಪ್ಟೆಂಬರ್‌ನಲ್ಲಿ, ಅಂದರೆ ಆರು ತಿಂಗಳು. ಲೆಕ್ಕ ತಿದ್ದಿದರು. ಆ ಮೂರು ತಿಂಗಳ ಬೆಲೆ 450 ದಿರ್ಹಂ. ಹಳೆಯ ಪಾಸ್‌ಪೋರ್ಟನ್ನು ಎಸೆಯದೆ ಇಟ್ಟುಕೊಂಡವರಿಗೆ ಹೀಗೆ ಉಪಯೋಗಕ್ಕೆ ಬರುತ್ತದೆ. ಆರು ತಿಂಗಳು ಕಳೆದು ಸೇವೆ ಒಂಬತ್ತು ವರ್ಷವಾಯಿತು. 6,300ಕ್ಕೆ ನಾಲ್ಕು ವರ್ಷದ 7,200 ಸೇರಿ ಗ್ರಾಚ್ಯುಟಿ 13,500ಕ್ಕೆ ನಿಂತಿತು. ಇದು ಸರಿಯಾದ ಲೆಕ್ಕ.

ಸೇವೆ ಯಾವ ದಿನದಿಂದ ಆರಂಭ ಎಂಬುದನ್ನೂ ನೋಡಿಕೊಳ್ಳಬೇಕು. ಒಂದೇ ಮಾಲೀಕರ ಎರಡು ಮೂರು ಕಂಪನಿಗಳಿರುವಲ್ಲಿ ಕೆಲಸಗಾರನ ವೀಸಾವನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುತ್ತಾರೆ. ಅವನು ಕೂರುವ ಕುರ್ಚಿ ಅದೇ, ಮೇಲಿನವರೂ ಅವರೇ. ಕಾಗದದಲ್ಲಿ ಮಾತ್ರ ಹೊಸ ಕಂಪನಿ, ಹೊಸ ಸೇರ್ಪಡೆ ದಿನಾಂಕ. ಹಾಗೆ ಬದಲಿಸುವಾಗ ಹಳೆಯ ಸೇವೆಯ ಗ್ರಾಚ್ಯುಟಿಯನ್ನು ಕೊಟ್ಟು ಮುಗಿಸಬೇಕು, ಇಲ್ಲವೇ ಹಳೆಯ ಸೇವೆ ಮುಂದುವರಿಯುತ್ತದೆ ಎಂದು ಬರಹದಲ್ಲಿ ಕೊಡಬೇಕು. ಎರಡೂ ಇಲ್ಲದಿದ್ದರೆ ಹತ್ತು ವರ್ಷ ದುಡಿದವನು ಕೊನೆಯಲ್ಲಿ ನಾಲ್ಕು ವರ್ಷದವನಾಗಿಬಿಡಬಹುದು.

ರಾಜೀನಾಮೆಯ ಬಗ್ಗೆ ಒಂದು ಹಳೆಯ ಭಯ ಇನ್ನೂ ಓಡಾಡುತ್ತಿದೆ. 'ನೀನೇ ಬಿಟ್ಟುಹೋದರೆ ಮೂರನೇ ಒಂದು ಭಾಗವಷ್ಟೇ ಸಿಗುತ್ತದೆ' ಎಂದು ಸೂಪರ್‌ವೈಸರ್ ಹೇಳಿದ ಎಂದು ಹಲವರು ಹೇಳುತ್ತಾರೆ. 1980ರ ಹಳೆಯ ಕಾನೂನಿನಲ್ಲಿ ಅಂಥ ಕಡಿತ ಇತ್ತು ನಿಜ. 2022ರ ನಂತರ ಇಲ್ಲ. ಎಮಿರೇಟ್ಸ್‌ನಲ್ಲಿ ನೋಟಿಸ್ ಕೊಟ್ಟು ತಾನಾಗಿ ಬಿಟ್ಟರೂ ಪೂರ್ತಿ ಗ್ರಾಚ್ಯುಟಿ ಸಿಗಬೇಕು. ಆದರೆ ಪಕ್ಕದ ಸೌದಿಯಲ್ಲಿ ಹಾಗಲ್ಲ. ಅಲ್ಲಿ ಎರಡು ವರ್ಷದೊಳಗೆ ರಾಜೀನಾಮೆ ಕೊಟ್ಟರೆ ಏನೂ ಇಲ್ಲ, ಐದು ವರ್ಷದೊಳಗೆ ಮೂರನೇ ಒಂದು ಭಾಗ, ಹತ್ತು ವರ್ಷದೊಳಗೆ ಮೂರನೇ ಎರಡು ಭಾಗ, ಹತ್ತು ದಾಟಿದರೆ ಪೂರ್ತಿ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ವೇತನ, ಆಮೇಲೆ ಒಂದು ತಿಂಗಳದ್ದು. ಹಾಗಾಗಿ ರಿಯಾದ್‌ನಲ್ಲಿದ್ದ ಮಾವನ ಅನುಭವವನ್ನು ದುಬೈಯ ಅಳಿಯ ನಂಬಿ ಕೂರುವುದು ಸರಿಯಲ್ಲ. ಎಮಿರೇಟ್ಸ್‌ನೊಳಗೂ ದುಬೈಯ ಡಿಐಎಫ್‌ಸಿಯಂಥ ಹಣಕಾಸು ವಲಯಕ್ಕೆ ತನ್ನದೇ ಕಾನೂನಿದೆ, ಮನೆಗೆಲಸದವರಿಗೆ ಬೇರೆಯೇ ಕಾನೂನಿದೆ. ನಾನು ಹೇಳುತ್ತಿರುವುದು ಸಾಮಾನ್ಯ ಕಂಪನಿಗಳ ವಿಚಾರ.

ಈಗ ಕೊನೆಯ ತಿಂಗಳಿಗೆ ಬರುತ್ತೇನೆ. ನೋಟಿಸ್ ಅವಧಿ ಕರಾರಿನಲ್ಲಿ ಬರೆದಂತೆ 30ರಿಂದ 90 ದಿನ. ಆ ದಿನಗಳಲ್ಲಿ ತಪ್ಪದೆ ಕೆಲಸಕ್ಕೆ ಹೋಗಬೇಕು. ಹೇಗೂ ಬಿಡುತ್ತಿದ್ದೇನಲ್ಲ ಎಂದು ರೂಮಿನಲ್ಲೇ ಉಳಿದರೆ, ಕೆಲಸ ಬಿಟ್ಟು ಓಡಿಹೋಗಿದ್ದಾನೆ ಎಂದು ಕಂಪನಿ ಸಚಿವಾಲಯಕ್ಕೆ ವರದಿ ಮಾಡಬಹುದು. ಅಲ್ಲಿ ಅದಕ್ಕೆ 'ಅಬ್‌ಸ್ಕಾಂಡಿಂಗ್' ಎನ್ನುತ್ತಾರೆ. ಆಮೇಲೆ ಗ್ರಾಚ್ಯುಟಿಯ ಮಾತು ಹಿಂದೆ ಬಿದ್ದು ಆ ಕೇಸಿನದೇ ಮುಂದಾಗುತ್ತದೆ.

ಸೆಟ್ಲ್‌ಮೆಂಟ್ ಎಂದರೆ ಗ್ರಾಚ್ಯುಟಿ ಒಂದೇ ಅಲ್ಲ. ಬಳಸದೆ ಉಳಿದ ವಾರ್ಷಿಕ ರಜೆಯ ಹಣವೂ ಅದರಲ್ಲಿ ಸೇರುತ್ತದೆ, ಅದೂ ಬೇಸಿಕ್ ಮೇಲೆ. ಭಾವನಿಗೆ 22 ದಿನ ರಜೆ ಉಳಿದಿತ್ತು, ಅದಕ್ಕೆ 1,320 ದಿರ್ಹಂ. ಆಗಸ್ಟ್ ತಿಂಗಳ ಪೂರ್ತಿ ಸಂಬಳ 3,000. ಒಟ್ಟು 17,820. ಊರಿಗೆ ಮರಳುವ ವಿಮಾನ ಟಿಕೆಟ್ ಕೂಡ, ಅಲ್ಲೇ ಬೇರೆ ಕಂಪನಿಗೆ ಸೇರುವುದಿಲ್ಲ ಎಂದಾದರೆ, ಸಾಮಾನ್ಯವಾಗಿ ಕಂಪನಿಯದೇ ಹೊಣೆ. ಅದನ್ನು ಚೀಟಿಯಲ್ಲಿ ಕೈಬಿಟ್ಟಿದ್ದಾರೆಯೇ ನೋಡಬೇಕು. ಕಂಪನಿಯಿಂದ ಮುಂಗಡ ಪಡೆದಿದ್ದರೆ ಅದನ್ನು ಹಿಡಿದುಕೊಳ್ಳುವುದು ನ್ಯಾಯವೇ. ಆದರೆ ವೀಸಾ, ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ನೇರವಾಗಿಯೂ ಇಲ್ಲ, ಸುತ್ತುಬಳಸಿಯೂ ಇಲ್ಲ. ಇದನ್ನು ಕಾನೂನು ಬಿಡಿಸಿ ಹೇಳಿದೆ.

ಕೆಲಸ ಬಿಟ್ಟ ದಿನದಿಂದ 14 ದಿನದೊಳಗೆ ಇದೆಲ್ಲ ಕೈಗೆ ಬರಬೇಕು. ಭಾವನ ಕೊನೆಯ ದಿನ 2025ರ ಆಗಸ್ಟ್ 31. ಗಡುವು ಸೆಪ್ಟೆಂಬರ್ 14. ಆದರೆ ಆಗಸ್ಟ್ 25ರಂದೇ ಕಂಪನಿಯ ಪಿಆರ್‌ಓ ಒಂದು ಕಾಗದ ತಂದು ಮುಂದಿಟ್ಟ. ವರ್ಕ್ ಪರ್ಮಿಟ್ ಕ್ಯಾನ್ಸಲ್ ಮಾಡುವ ಅರ್ಜಿ. 'ಸಹಿ ಹಾಕು ಭಾಯ್, ಕ್ಯಾನ್ಸಲ್ ಆಗದೆ ಹಣ ಬರೋದಿಲ್ಲ, ಎರಡೇ ದಿನ.' ಆ ಕಾಗದದಲ್ಲಿ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಒಂದು ಸಾಲು ಇರುತ್ತದೆ. ನನಗೆ ಬರಬೇಕಾದ ಎಲ್ಲ ಹಣವೂ ಬಂದಿದೆ ಎಂದು ಅದರ ಅರ್ಥ. ಭಾವ ಸಹಿ ಹಾಕಿದರು. ಹಣ ಬಂತು, ಅದೂ ಹೇಳಿದ ಹೊತ್ತಿಗೇ. ಆದರೆ 16,320 ಮಾತ್ರ. 1,500 ದಿರ್ಹಂ ವೀಸಾ ಖರ್ಚು ಎಂದು ಹಿಡಿದಿದ್ದರು. ಭಾವ ಮೊದಲು ನೋಡಿ ತಿದ್ದಿಸಿದ ಚೀಟಿಯಲ್ಲಿ ಆ ಸಾಲೇ ಇರಲಿಲ್ಲ. ಕೇಳಲು ಹೋದರೆ ಅವರದೇ ಸಹಿ ಎದುರಿಗಿಟ್ಟರು.

ಹೊರಡುವವರು ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಲಿ. ಹಣ ಖಾತೆಗೆ ಬಿದ್ದ ಮೆಸೇಜ್ ಫೋನಿನಲ್ಲಿ ಬರುವ ಮೊದಲು ಆ ಸಾಲಿನ ಕೆಳಗೆ ಸಹಿ ಹಾಕಬಾರದು. ಅಂಕಿ ಅಂಕಿಯಾಗಿ ಬಿಡಿಸಿ ಬರೆದ, ಕಂಪನಿಯ ಸೀಲು ಇರುವ ಸೆಟ್ಲ್‌ಮೆಂಟ್ ಚೀಟಿಯನ್ನು ಮೊದಲು ಪಡೆದುಕೊಳ್ಳಬೇಕು. ಖಾತೆಗೆ ಬಂದ ಮೊತ್ತ ಅದಕ್ಕೆ ಸರಿಹೊಂದಬೇಕು. ಆಮೇಲೆ ಸಹಿ. ಮುಂದಿನ ತಾರೀಖಿನ ಚೆಕ್ಕನ್ನೂ 'ಊರಿಗೆ ಹೋಗಿರು, ಕಳಿಸುತ್ತೇವೆ' ಎಂಬ ಮಾತನ್ನೂ ಹಣ ಎಂದು ಎಣಿಸಬಾರದು. ಹಣ ಕೊಡದೆ ಸಹಿಗೆ ಒತ್ತಾಯಿಸಿದರೆ, ಸಹಿ ಹಾಕದೆ ದೂರು ಕೊಡುವ ದಾರಿ ಇದೆ. ಆ ಧೈರ್ಯ ಕೊನೆಯ ವಾರದಲ್ಲಿ ಬರುವುದು ಕಷ್ಟ ಎಂದು ನನಗೂ ಗೊತ್ತು. ಟಿಕೆಟ್ ಆಗಿರುತ್ತದೆ, ಮನೆಯಲ್ಲಿ ಮಕ್ಕಳು ದಿನ ಎಣಿಸುತ್ತಿರುತ್ತಾರೆ. ಹಾಗಾಗಿ ಸೆಟ್ಲ್‌ಮೆಂಟ್ ಮುಗಿಯುವ ತನಕ ಟಿಕೆಟ್ ದಿನಾಂಕವನ್ನೇ ನಿಶ್ಚಯಿಸದಿರುವುದು ಒಳ್ಳೆಯದು. ಕ್ಯಾನ್ಸಲ್ ಆದ ಕಾಗದದಲ್ಲಿ ದೇಶ ಬಿಡಲು ಎಷ್ಟು ದಿನ ಕೊಟ್ಟಿದ್ದಾರೆ ಎಂದು ಓದಿಕೊಳ್ಳಬೇಕು. ಆ ದಿನ ಮೀರಿದರೆ ದಿನಕ್ಕೆ 50 ದಿರ್ಹಂ ದಂಡ.

ಬ್ಯಾಂಕಿನ ಕಡೆಯೂ ಒಂದು ನೋಟವಿರಲಿ. ಸಾಲ ಅಥವಾ ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ, ಸೆಟ್ಲ್‌ಮೆಂಟ್ ಹಣ ಬೀಳುತ್ತಿದ್ದಂತೆ ಬ್ಯಾಂಕ್ ಖಾತೆಯನ್ನು ತಡೆಹಿಡಿಯುವುದುಂಟು. ಬಾಕಿ ತೀರಿಸಿ, ತೀರಿಸಿದ ಪತ್ರ ಪಡೆದು ಹೊರಡಬೇಕು. ಖಾತೆಯನ್ನು ಮುಚ್ಚುವುದು ಹಣವೆಲ್ಲ ಬಂದ ನಂತರ.

ದೂರು ಕೊಡುವುದಾದರೆ ಅದೇ ಮೊಹ್ರೆ ಆ್ಯಪ್‌ನಲ್ಲಿ ಕೊಡಬಹುದು. ಸಚಿವಾಲಯ ಎರಡೂ ಕಡೆಯವರನ್ನು ಕರೆದು ರಾಜಿ ಮಾಡಿಸಲು ನೋಡುತ್ತದೆ. ಆಗದಿದ್ದರೆ, 50,000 ದಿರ್ಹಂವರೆಗಿನ ತಗಾದೆಯನ್ನು 2024ರಿಂದ ಸಚಿವಾಲಯವೇ ತೀರ್ಮಾನಿಸಬಹುದು. ಅದಕ್ಕಿಂತ ದೊಡ್ಡದು ನ್ಯಾಯಾಲಯಕ್ಕೆ ಹೋಗುತ್ತದೆ. 1,00,000 ದಿರ್ಹಂವರೆಗಿನ ಕಾರ್ಮಿಕ ದಾವೆಗೆ ನ್ಯಾಯಾಲಯದ ಶುಲ್ಕವಿಲ್ಲ. ಭಾಷೆ, ಕಾಗದದ ತೊಡಕಿಗೆ ಭಾರತೀಯ ರಾಯಭಾರ ಕಚೇರಿಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ. ಅಲ್ಲಿಂದ 80046342ಕ್ಕೆ ಕರೆ ಮಾಡಿದರೆ ಹಣ ಖರ್ಚಾಗುವುದಿಲ್ಲ. ದೂರು ಕೊಡಲು ಹಿಂದೆ ಒಂದು ವರ್ಷದ ಗಡುವಿತ್ತು. 2024ರ ಆಗಸ್ಟ್ 31ರಿಂದ ಅದು ಕೆಲಸ ಮುಗಿದ ದಿನದಿಂದ ಎರಡು ವರ್ಷವಾಗಿದೆ.

ಆ ಲೆಕ್ಕದಲ್ಲಿ ಭಾವನಿಗೆ 2027ರ ಆಗಸ್ಟ್ ಕೊನೆಯವರೆಗೆ ಸಮಯವಿದೆ. ಆದರೆ ಅವರು ಈಗ ಕುಂದಾಪುರದಲ್ಲಿದ್ದಾರೆ. ಶಾರ್ಜಾದಲ್ಲಿ ಅವರ ಪರವಾಗಿ ನಿಲ್ಲಲು ರೂಮಿನ ಗೆಳೆಯ ಸಿದ್ಧನಿದ್ದ, ಆದರೆ ಅವನಿಗೆ ಪವರ್ ಆಫ್ ಅಟಾರ್ನಿ ಬೇಕು. ಅಲ್ಲಿದ್ದಾಗ ಮಾಡಿಟ್ಟಿದ್ದರೆ ಒಂದು ಬೆಳಗಿನ ಕೆಲಸ. ಇಲ್ಲಿಂದ ಮಾಡಬೇಕಾದರೆ ನೋಟರಿ, ದೆಹಲಿಯ ವಿದೇಶಾಂಗ ಇಲಾಖೆ, ಎಮಿರೇಟ್ಸ್ ರಾಯಭಾರ ಕಚೇರಿ, ಅರಬ್ಬಿ ಅನುವಾದ ಎಂದು ಕಾಗದ ಸುತ್ತಬೇಕು. ಭಾವ ಖರ್ಚು ಕೂಡಿಸಿ ನೋಡಿದರು. 1,500 ದಿರ್ಹಂ ವಾಪಸು ಪಡೆಯಲು ಅದರ ಬಹುಪಾಲು ದಾರಿಯಲ್ಲೇ ಖರ್ಚಾಗುವಂತಿತ್ತು. ಕಾಗದಗಳನ್ನು ಮಡಚಿ ಪೆಟ್ಟಿಗೆಗೆ ಹಾಕಿದರು. ಚೀಟಿಯ ಮತ್ತು ಕರಾರಿನ ಫೋಟೋ ಮಾತ್ರ ತೆಗೆದು, ಬರುವ ಡಿಸೆಂಬರ್‌ನಲ್ಲಿ ಕ್ಯಾನ್ಸಲ್ ಮಾಡಿಸಿಕೊಳ್ಳಲಿರುವ ಅದೇ ಗೋದಾಮಿನ ಭಟ್ಕಳದ ಹುಡುಗನಿಗೆ ಕಳಿಸಿದರು.